ಸೂಟ್‌ಕೇಸಿನ ಚಕ್ರ ಅಲುಗಾಡಿದರೆ ಅಚ್ಚು ಬಿಗಿದರೆ ಸಾಕೇ?

ಪ್ರಶ್ನೆ: ನನ್ನ ಎರಡು ಚಕ್ರದ ಟ್ರಾಲಿ ಸೂಟ್‌ಕೇಸಿನಲ್ಲಿ ಒಂದು ಚಕ್ರ ಅತ್ತಿತ್ತ ಓಲಾಡುತ್ತದೆ, ಅದರ ರಬ್ಬರೂ ಸೀಳಿದೆ. ಬಿಗಿ ಮಾಡೋಣವೆಂದರೆ ಎಲ್ಲೂ ಸ್ಕ್ರೂ ಕಾಣುವುದಿಲ್ಲ. ಮನೆಯಲ್ಲೇ ಸರಿಮಾಡಬಹುದೇ?

ಮಾಡಬಹುದು. ಸ್ಕ್ರೂ ಕಾಣದಿರುವುದಕ್ಕೆ ಕಾರಣ, ಅಲ್ಲಿ ಸ್ಕ್ರೂ ಇಲ್ಲವೇ ಇಲ್ಲ. ಕಾರ್ಖಾನೆಯಲ್ಲಿ ಉಕ್ಕಿನ ಕಡ್ಡಿಯೊಂದನ್ನು ತೂರಿಸಿ, ತುದಿಯನ್ನು ಬಡಿದು ಚಪ್ಪಟೆ ಮಾಡಿರುತ್ತಾರೆ. ಅಂಥ ರಿವೆಟ್ ಅಚ್ಚನ್ನು ಬಿಗಿಯುವ ದಾರಿಯಿಲ್ಲ. ಕತ್ತರಿಸಿ ತೆಗೆದು, ಸ್ಕ್ರೂ ಇರುವ ಅಚ್ಚನ್ನು ಹಾಕಬೇಕು.

ಮೊದಲು ಓಲಾಟ ಎಲ್ಲಿಯದೆಂದು ನೋಡಿ. ಸೂಟ್‌ಕೇಸನ್ನು ಮಲಗಿಸಿ, ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲುಗಿಸಿ, ಕಣ್ಣು ಮಾತ್ರ ಅಚ್ಚಿನ ತುದಿಯ ಮೇಲಿರಲಿ. ಅಚ್ಚು ಕದಲದೆ ಚಕ್ರ ಮಾತ್ರ ಓಲಾಡಿದರೆ ಬೇರಿಂಗ್ ಸವೆದಿದೆ. ಅಚ್ಚೂ ಜೊತೆಗೆ ಕುಣಿದರೆ ಪ್ಲಾಸ್ಟಿಕ್ ಗೂಡಿನ ತೂತು ಅಗಲವಾಗಿದೆ. ಗೂಡೇ ಬಿರುಕು ಬಿಟ್ಟಿದ್ದರೆ ಚಕ್ರ ಬದಲಿಸಿ ಪ್ರಯೋಜನವಿಲ್ಲ, ಗೂಡಿನ ಸಮೇತ ಬದಲಿಸಬೇಕು. ಅದರ ಸ್ಕ್ರೂಗಳು ಸಾಮಾನ್ಯವಾಗಿ ಒಳಗಿನ ಅಸ್ತರಿನ ಹಿಂದೆ ಇರುತ್ತವೆ.

ಹೊಸ ಚಕ್ರ ತರುವ ಮುನ್ನ ಅಳತೆ ತೆಗೆದುಕೊಳ್ಳಿ. ಹಾಳಾದ ಚಕ್ರವನ್ನು ಅಳೆಯಬೇಡಿ, ಅದು ಸವೆದು ಕಿರಿದಾಗಿರುತ್ತದೆ. ಚೆನ್ನಾಗಿರುವ ಇನ್ನೊಂದನ್ನು ಅಳೆಯಿರಿ. ನಿಮ್ಮದು 50 ಮಿಲಿಮೀಟರ್ ವ್ಯಾಸ, 18 ಮಿ.ಮೀ. ಅಗಲ, 6 ಮಿ.ಮೀ. ಅಚ್ಚು ಎಂದಿಟ್ಟುಕೊಳ್ಳೋಣ. ಗೂಡಿನ ಎರಡು ಗೋಡೆಗಳ ಒಳ ಅಂತರ 22, ಹೊರ ಅಂತರ 30 ಮಿ.ಮೀ. ಇರಲಿ. ಈ ಕೊನೆಯ ಎರಡನ್ನು ಅಳೆಯದೆ ಜನ ಎಡವುವುದೇ ಹೆಚ್ಚು. ಇನ್ನೊಂದು ಮಾತು, ಸ್ಕೇಟಿಂಗ್ ಚಕ್ರ ನೋಡಲು ಹಾಗೆಯೇ ಇದ್ದರೂ ಅದರ ಬೇರಿಂಗಿನ ತೂತು 8 ಮಿ.ಮೀ.; 6ರ ಅಚ್ಚಿಗೆ ಹಾಕಿದರೆ ಹೊಸ ಚಕ್ರವೇ ಓಲಾಡುತ್ತದೆ.

ಚಕ್ರಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಹ್ಯಾಕ್ಸಾ ಬ್ಲೇಡ್ ತೂರಿಸಿ ಅಚ್ಚನ್ನು ಕೊಯ್ಯಿರಿ. ಹಿಡಿ ಅಲ್ಲಿ ಹಿಡಿಸುವುದಿಲ್ಲ, ಬರೀ ಬ್ಲೇಡಿನ ತುದಿಗೆ ಬಟ್ಟೆ ಸುತ್ತಿ ಹಿಡಿದರಾಯಿತು. ಗೋಡೆಗೆ ದಪ್ಪ ಟೇಪ್ ಅಂಟಿಸಿಕೊಂಡರೆ ಪ್ಲಾಸ್ಟಿಕ್ ಗೀಚುವುದಿಲ್ಲ. ನಿಧಾನವಾಗಿ ಕೊಯ್ಯಿರಿ, ಆತುರಪಟ್ಟರೆ ಕಡ್ಡಿ ಬಿಸಿಯೇರಿ ಸುತ್ತಲ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಎರಡೂ ಬದಿ ಕೊಯ್ದರೆ ಚಕ್ರ ಕಳಚುತ್ತದೆ, ಉಳಿದ ತುಂಡುಗಳನ್ನು ಹೊರಕ್ಕೆ ತಳ್ಳಿ.

ಬದಲಿ ಅಚ್ಚು ಎಂದರೆ ಒಂದು ತುದಿಗೆ ತಲೆ, ಒಳಗೆ ಮರೆ, ಅಂದರೆ ಸ್ಕ್ರೂ ಹಿಡಿಯುವ ಸುರುಳಿ ಗೆರೆ, ಇರುವ ಕೊಳವೆ. ಇನ್ನೊಂದು ಬದಿಯಿಂದ ಅದರೊಳಕ್ಕೆ ಸ್ಕ್ರೂ ಹೋಗುತ್ತದೆ. ಕೊಳವೆಯ ಉದ್ದ ಗೂಡಿನ ಹೊರ ಅಂತರಕ್ಕಿಂತ ಕೂದಲೆಳೆಯಷ್ಟು ಕಡಿಮೆ ಇರಬೇಕು. 30ರ ಜಾಗಕ್ಕೆ 32ರ ಕೊಳವೆ ಹಾಕಿದರೆ ಸ್ಕ್ರೂ ಕೊಳವೆಯ ತುದಿಗೆ ಬಡಿದು ನಿಲ್ಲುತ್ತದೆ. ಕೈಗೆ ಬಿಗಿಯಾಯಿತೆಂದೇ ಅನ್ನಿಸುತ್ತದೆ, ಅಚ್ಚು ಮಾತ್ರ ಅಲುಗುತ್ತಲೇ ಇರುತ್ತದೆ. ಆಗ ಹೊರಬದಿಗೆ ತೆಳು ವಾಷರ್‌ಗಳನ್ನು ಕೊಟ್ಟು ಹೆಚ್ಚುವರಿ ಉದ್ದವನ್ನು ನುಂಗಿಸಬೇಕು.

ಒಳಗಡೆಯೂ ಲೆಕ್ಕ ಇದೆ. 22ರಲ್ಲಿ 18 ಕಳೆದರೆ 4, ಅಂದರೆ ಚಕ್ರದ ಆಚೀಚೆ 2 ಮಿ.ಮೀ. ವಾಷರ್. ಇದನ್ನು ಬಿಟ್ಟು ಬಿಗಿದರೆ ಗೋಡೆಗಳು ಒಳಕ್ಕೆ ಬಾಗಿ ಚಕ್ರವನ್ನು ಕಚ್ಚುತ್ತವೆ. ವಾಷರ್ ಬೇರಿಂಗಿನ ಒಳಬಳೆಯನ್ನು ಮಾತ್ರ ಮುಟ್ಟುವಷ್ಟು ಚಿಕ್ಕದಿರಲಿ. ಅಗಲವಾದದ್ದು ಹೊರಬಳೆಗೂ ತಾಗಿ ಚಕ್ರ ತಿರುಗದಂತೆ ಹಿಡಿಯುತ್ತದೆ. ತೂತು ಅಗಲವಾಗಿದ್ದಲ್ಲಿ ಗೋಡೆಯ ಹೊರಮುಖಕ್ಕೆ ಅಗಲ ವಾಷರ್ ಹಾಕಿ ಬಿಗಿಯಬಹುದು. ಸ್ವಲ್ಪ ಅಗಲವಾಗಿದ್ದರೆ ಇದು ಸಾಕು, ಮೊಟ್ಟೆಯಾಕಾರಕ್ಕೆ ಹರಿದಿದ್ದರೆ ಸಾಲದು.

ಎರಡು ಬದಿಗೂ ಅಲೆನ್ ಕೀ ಹಾಕಿ, ಒಂದನ್ನು ಹಿಡಿದು ಇನ್ನೊಂದನ್ನು ತಿರುಗಿಸಿ. ಆಗಾಗ ನಿಲ್ಲಿಸಿ ಚಕ್ರವನ್ನು ಬೆರಳಿಂದ ತಟ್ಟಿ ನೋಡಿ. ಪಕ್ಕದ ಓಲಾಟ ಹೋಗಿ, ತಟ್ಟಿದಾಗ ಇನ್ನೂ ಕೆಲವು ಸುತ್ತು ತಾನಾಗಿ ತಿರುಗಿದರೆ ಅಲ್ಲಿಗೆ ನಿಲ್ಲಿಸಿ. ಸ್ಕ್ರೂ ಸಡಿಲವಾಗದಂತೆ ತಡೆಯುವ ಅಂಟು ಸಿಕ್ಕರೆ ಒಂದೇ ಹನಿ ಸಾಕು, ಅದೂ ಕೊಳವೆಯ ಒಳಗಿನ ಮರೆಗೆ ಮಾತ್ರ. ಆ ಅಂಟು ಕೆಲವು ಪ್ಲಾಸ್ಟಿಕ್‌ಗಳನ್ನು ಸೀಳಿಬಿಡುತ್ತದೆ, ಗೂಡಿಗೆ ತಾಗಿದರೆ ತಕ್ಷಣ ಒರೆಸಿ.

ಎರಡೂ ಚಕ್ರಗಳನ್ನು ಒಟ್ಟಿಗೇ ಬದಲಿಸಿ ಎನ್ನುವುದು ನನ್ನ ಅಭಿಪ್ರಾಯ. ಹೊರಪದರ ಪಾಲಿಯುರೆಥೇನ್ ಆಗಿದ್ದರೆ ಅದು ಬಳಸದೆ ಇಟ್ಟರೂ ಗಾಳಿಯ ತೇವಕ್ಕೆ ವರ್ಷಗಳಲ್ಲಿ ಪುಡಿಯಾಗುತ್ತದೆ. ಒಂದು ಸೀಳಿದೆಯೆಂದರೆ ಅದೇ ವಯಸ್ಸಿನ ಇನ್ನೊಂದರ ಸರದಿಯೂ ದೂರವಿರುವುದಿಲ್ಲ.