ಡೇರಿಯ ಹಾಲಿನ ದುಡ್ಡು ಯಾರ ಕೈಗೆ?

ಪ್ರಶ್ನೆ: ನಾನು ಕೋಲಾರದಲ್ಲಿ ಎಂ.ಎ. ಓದುತ್ತಿರುವ ವಿದ್ಯಾರ್ಥಿನಿ. ವಿದ್ಯಾರ್ಥಿ ಸಂಶೋಧನಾ ನಿಧಿಗೆ ಅರ್ಜಿ ಹಾಕುತ್ತಿದ್ದು, ಮಿತಿ 25,000 ರೂಪಾಯಿ. ‘ಮಹಿಳಾ ಸಬಲೀಕರಣದಲ್ಲಿ ಸಹಕಾರ ಸಂಘಗಳ ಪಾತ್ರ’ ಎಂದು ಸಾರಾಂಶ ಬರೆದಾಗ ಮಾರ್ಗದರ್ಶಕರು ‘ಏನೂ ತಿಳಿಯುತ್ತಿಲ್ಲ’ ಎಂದು ಹಿಂದಿರುಗಿಸಿದರು. ಹೇಗೆ ತಿದ್ದಲಿ?

ಉತ್ತರ: ಮೊದಲು ‘ಸಬಲೀಕರಣ’ ಎಂಬ ಪದವನ್ನು ತೆಗೆಯಿರಿ. ಎರಡು ವಾರ ಊರೂರು ತಿರುಗಿದರೂ ಅದು ಕಣ್ಣಿಗೆ ಬೀಳುವ ವಸ್ತುವಲ್ಲ. ನಿಮ್ಮ ಜಿಲ್ಲೆಯಲ್ಲಿ ಕೈಗೆಟಕುವುದು ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳು. ಅಲ್ಲಿ ಸದಸ್ಯರು, ಅಧ್ಯಕ್ಷೆ, ಆಡಳಿತ ಮಂಡಳಿ ಎಲ್ಲರೂ ಹೆಂಗಸರೇ. ಆದರೂ ಬೆಳಗಿನ ಹೊತ್ತು ಡೇರಿಯ ಮುಂದೆ ಅರ್ಧ ಗಂಟೆ ನಿಂತು ನೋಡಿ, ಕ್ಯಾನು ಹಿಡಿದು ಬರುವವರಲ್ಲಿ ಗಂಡಸರೂ ಶಾಲೆಯ ಹುಡುಗರೂ ಇರುತ್ತಾರೆ. ಸದಸ್ಯತ್ವ ಒಬ್ಬರದು, ಹಾಲು ಹಾಕುವವರು ಇನ್ನೊಬ್ಬರು, ಬಟವಾಡೆಯ ದುಡ್ಡನ್ನು ಬ್ಯಾಂಕಿನಿಂದ ಬಿಡಿಸುವವರು ಮತ್ತೊಬ್ಬರು ಆಗಿರಬಹುದು. ನಿಮ್ಮ ಪ್ರಶ್ನೆ ಇಲ್ಲಿದೆ. ಲೀಟರಿಗೆ 5 ರೂಪಾಯಿಯ ಸರ್ಕಾರಿ ಪ್ರೋತ್ಸಾಹಧನವೂ ನೇರವಾಗಿ ಖಾತೆಗೇ ಬರುವುದರಿಂದ, ಆ ಖಾತೆ ಯಾರ ಹೆಸರಿನಲ್ಲಿದೆ ಎಂಬುದು ಸಣ್ಣ ಸಂಗತಿಯಲ್ಲ.

ಎರಡನೆಯದು ಹೋಲಿಕೆ. ಮಹಿಳಾ ಸಂಘಗಳಿಗೆ ಮಾತ್ರ ಹೋಗಿ ಬಂದರೆ, ಅಲ್ಲಿ ಕಂಡದ್ದು ಮಹಿಳಾ ಸಂಘವಾದ್ದರಿಂದ ಆದದ್ದೋ, ಎಲ್ಲ ಡೇರಿಗಳಲ್ಲೂ ಇರುವುದೋ ಹೇಳಲಾಗದು. ಆದ್ದರಿಂದ ಎರಡು ಮಹಿಳಾ ಸಂಘ, ಎರಡು ಸಾಮಾನ್ಯ ಸಂಘ ತೆಗೆದುಕೊಳ್ಳಿ. ನಾಲ್ಕೂ ಒಂದೇ ಹಾಲಿನ ರೂಟಿನಲ್ಲಿರಲಿ. ಆಗ ಪೇಟೆಯ ದೂರ, ನೀರು, ಮೇವಿನ ಸ್ಥಿತಿಗಳಲ್ಲಿ ಊರೂರಿಗಿರುವ ಅಂತರ ಸ್ವಲ್ಪವಾದರೂ ಕಡಿಮೆಯಾಗುತ್ತದೆ.

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಸದಸ್ಯೆಯರನ್ನು ಆರಿಸುವಾಗ. ಡೇರಿಯ ಬಳಿ ಸಿಕ್ಕವರನ್ನೇ ಮಾತನಾಡಿಸಿದರೆ, ಹೆಸರಿಗೆ ಮಾತ್ರ ಸದಸ್ಯೆಯಾಗಿ ಮನೆಯಲ್ಲಿರುವವರು ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ. ನಿಮಗೆ ಬೇಕಾದವರು ಅವರೇ. ಹಾಗಾಗಿ ಕಾರ್ಯದರ್ಶಿಯ ಅನುಮತಿ ಪಡೆದು ಸದಸ್ಯತ್ವ ರಿಜಿಸ್ಟರಿನಿಂದ ಆರಿಸಿ. ಮಹಿಳಾ ಸದಸ್ಯರು 180 ಮಂದಿ ಇದ್ದು ನಿಮಗೆ 12 ಮಂದಿ ಬೇಕಾದರೆ, 1ರಿಂದ 15ರೊಳಗೆ ಒಂದು ಚೀಟಿ ಎತ್ತಿ, ಅಲ್ಲಿಂದ ಪ್ರತಿ 15ನೆಯ ಹೆಸರು ಹಿಡಿಯಿರಿ. ಸಾಮಾನ್ಯ ಸಂಘದಲ್ಲಿ ಮೊದಲು ಹೆಂಗಸರ ಹೆಸರುಗಳನ್ನು ಬೇರೆ ಪಟ್ಟಿ ಮಾಡಿಕೊಳ್ಳಬೇಕು.

ಇಷ್ಟು ನಿಶ್ಚಯವಾದ ಮೇಲೆ ಸಾರಾಂಶ ತಾನಾಗಿ ಚಿಕ್ಕದಾಗುತ್ತದೆ. ನಾನಾದರೆ ಹೀಗೆ ಬರೆಯುತ್ತೇನೆ:

“ಮಹಿಳಾ ಹಾಲು ಉತ್ಪಾದಕರ ಸಂಘದ ಸದಸ್ಯೆಯರು, ಸಾಮಾನ್ಯ ಸಂಘದ ಸದಸ್ಯೆಯರಿಗಿಂತ ಹೆಚ್ಚಾಗಿ ಹಾಲಿನ ಹಣವನ್ನು ತಾವೇ ಪಡೆದು ಅದರ ಖರ್ಚನ್ನು ತಾವೇ ತೀರ್ಮಾನಿಸುತ್ತಾರೆಯೇ ಎಂಬುದನ್ನು ಈ ಅಧ್ಯಯನ ಪರಿಶೀಲಿಸುತ್ತದೆ. ಮುಳಬಾಗಿಲು ತಾಲ್ಲೂಕಿನ ಒಂದೇ ಹಾಲಿನ ರೂಟಿನ ಎರಡು ಮಹಿಳಾ ಮತ್ತು ಎರಡು ಸಾಮಾನ್ಯ ಸಂಘಗಳ ಸದಸ್ಯತ್ವ ರಿಜಿಸ್ಟರಿನಿಂದ ಆಯ್ದ 48 ಸದಸ್ಯೆಯರನ್ನು ಅವರ ಮನೆಯಲ್ಲಿ ಸಂದರ್ಶಿಸಲಾಗುವುದು. ಹಿಂದಿನ ಒಂದು ವರ್ಷದ ಬಟವಾಡೆ ರಿಜಿಸ್ಟರ್ ಮತ್ತು ಸಭಾ ನಡಾವಳಿಗಳನ್ನು ಓದಲಾಗುವುದು. ಫಲಿತಾಂಶ ಈ ನಾಲ್ಕು ಸಂಘಗಳಿಗೆ ಸೀಮಿತವಾಗಿದ್ದು, ಜಿಲ್ಲೆಗೆ ಅನ್ವಯಿಸದು. ಅವಧಿ 16 ದಿನ. ಕೋರಿಕೆ 17,180 ರೂಪಾಯಿ.”

ಫಲಿತಾಂಶದ ಮಿತಿಯನ್ನು ಒಪ್ಪಿಕೊಂಡ ಆ ವಾಕ್ಯವನ್ನು ಅಳಿಸಬೇಡಿ. ಪರಿಶೀಲಕರು ಹೇಗೂ ಕೇಳುವ ಪ್ರಶ್ನೆಗೆ ಅದು ಮುಂಚೆಯೇ ಉತ್ತರ ಕೊಡುತ್ತದೆ.

ಇನ್ನು ಮೊತ್ತ. ಬೆಳಗ್ಗೆ, ಸಂಜೆ ಹಾಲು ಕರೆಯುವ ಹೊತ್ತಿನಲ್ಲಿ ಯಾರೂ ಕೂತು ಮಾತನಾಡುವುದಿಲ್ಲ. ನಡುವೆ ಮೇವು, ಹೊಲದ ಕೆಲಸ. ದಿನಕ್ಕೆ ನಾಲ್ಕು ಸಂದರ್ಶನವಾದರೆ ಹೆಚ್ಚು. ಅಲ್ಲಿಗೆ 12 ದಿನ. ಪ್ರಶ್ನಾವಳಿ ಪರೀಕ್ಷೆಗೆ 2, ರಿಜಿಸ್ಟರ್ ಓದಲು 2. ಜೊತೆಗೆ ಬರುವ ಸ್ಥಳೀಯ ಸಹಾಯಕಿಗೆ ದಿನಕ್ಕೆ 500ರಂತೆ 8,000, ಆಟೋಗೆ 300ರಂತೆ 4,800, ಊಟಕ್ಕೆ 150ರಂತೆ 2,400, ಪ್ರಶ್ನಾವಳಿ ಮುದ್ರಣಕ್ಕೆ 480, ವರದಿಗೆ 1,500. ದರಗಳನ್ನು ನಿಮ್ಮ ಊರಿನಲ್ಲಿ ವಿಚಾರಿಸಿ ತಿದ್ದಿಕೊಳ್ಳಿ, ಆದರೆ ಮಿತಿ 25,000 ಇದೆಯೆಂದು ಅಷ್ಟನ್ನೂ ತುಂಬಿಸಬೇಡಿ. ಸಹಾಯಕಿ ದುಂದುವೆಚ್ಚವಲ್ಲ. ಕೋಲಾರದ ಗಡಿ ಹಳ್ಳಿಗಳಲ್ಲಿ ಮನೆಮಾತು ತೆಲುಗಾಗಿರುವ ಹೆಂಗಸರು ಬಹಳ. ಜೊತೆಗೆ ಸಂದರ್ಶನದ ನಡುವೆ ಮನೆಯ ಯಜಮಾನರು ಬಂದು ಕೂತರೆ, ಅವರನ್ನು ಜಗಲಿಯಲ್ಲಿ ಮಾತಿಗೆಳೆಯಲು ಒಬ್ಬರು ಬೇಕು. ಬಸ್ ದರ ಸೇರಿಸಿದ್ದರೆ ತೆಗೆಯಿರಿ: 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಆ ಸಾಲನ್ನು ಕಂಡ ಪರಿಶೀಲಕರು ಉಳಿದ ಸಾಲುಗಳನ್ನೂ ಅನುಮಾನಿಸುತ್ತಾರೆ.

ಪಾಸ್ ಪುಸ್ತಕದ ವಿಷಯದಲ್ಲಿ ಮಾತ್ರ ಜಾಗ್ರತೆ. ‘ಖಾತೆ ಯಾರ ಹೆಸರಿನಲ್ಲಿದೆ, ಕಳೆದ ಸಲ ಯಾರು ಹೋಗಿ ಬಿಡಿಸಿದರು’ ಎಂದಷ್ಟೇ ಕೇಳಿ. ಪುಸ್ತಕ ತೋರಿಸಿ ಎನ್ನಬೇಡಿ, ಫೋಟೊ ತೆಗೆಯಬೇಡಿ. ಹೆಸರಿನ ಬದಲು ಸಂಖ್ಯೆ ಹಾಕುತ್ತೇನೆಂದು ಅರ್ಜಿಯಲ್ಲೇ ಒಂದು ಸಾಲು ಬರೆಯಿರಿ.