ಮ್ಯಾನೇಜರ ಮೇಲಿನ ದೂರು ಮ್ಯಾನೇಜರ ಸಮಿತಿಗೆ ಬೇಡ

"ನಮ್ಮ ಶಾಲೆಯ ಮ್ಯಾನೇಜರ ಮೇಲೆಯೇ ಲೈಂಗಿಕ ಕಿರುಕುಳದ ದೂರು ಕೊಡಬೇಕಾಗಿದೆ. ಇಂಥ ದೂರು ನೋಡುವ ಶಾಲೆಯ ಸಮಿತಿಯ ಅಧ್ಯಕ್ಷೆ ಅವರೇ ನೇಮಿಸಿದ ಹೆಡ್‌ಮಿಸ್ಟ್ರೆಸ್. ಪಕ್ಷಪಾತ ಆಗದ ಹಾಗೆ ದೂರನ್ನು ಹೇಗೆ ಬರೆಯಲಿ?"

ಹೇಗೆ ಬರೆದರೂ ಅಷ್ಟೇ. ಆ ಸಮಿತಿಗೆ ಕೊಡಲೇಬೇಡಿ. ನಾನು ಕೊಟ್ಟು ಕೆಟ್ಟವಳು.

ಕಾಸರಗೋಡು ಕಡೆಯ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದೆ. ಶಾಲೆಯ ಯಜಮಾನರೇ ಮ್ಯಾನೇಜರ್. ಫೀಸಿನ ಲೆಕ್ಕ ನೋಡಬೇಕು ಎಂದು ಸಂಜೆ ಮಕ್ಕಳು ಹೋದ ಮೇಲೆ ರೂಮಿಗೆ ಕರೆಯುತ್ತಿದ್ದರು. ರಾತ್ರಿ ವಾಟ್ಸಾಪ್ ಮೆಸೇಜ್ ಬೇರೆ. ಒಂದು ದಿನ ಕೈ ಹಿಡಿದು ಎಳೆದರು. ನಾನು ಓಡಿ ಹೊರಗೆ ಬಂದದ್ದನ್ನು ಶಾಲೆಯ ಆಯಾ ನೋಡಿದ್ದರು. ಕಾರಿಡಾರಿನಲ್ಲಿ ಸಿಸಿಟಿವಿ ಕ್ಯಾಮರಾ ಇತ್ತು.

ಇಷ್ಟನ್ನೂ ನೀಟಾಗಿ ಬರೆದು, ನಮ್ಮಲ್ಲೂ ಸಮಿತಿಯ ಅಧ್ಯಕ್ಷೆಯಾಗಿದ್ದ ಹೆಡ್‌ಮಿಸ್ಟ್ರೆಸ್ ಕೈಗೆ ಕೊಟ್ಟೆ. ಆಯಾ ಸಾಕ್ಷಿ ಎಂದು ಹೆಸರು ಬರೆದೆ. ಕ್ಯಾಮರಾ ಎಲ್ಲಿದೆ ಎಂದೂ ಬರೆದೆ. ಟೀಚರ್ ಓದಿ, "ನೋಡುವ ಮಾರಾಯ್ತಿ, ನಾನು ಮಾತಾಡ್ತೇನೆ" ಎಂದರು. ಯಾರ ಹತ್ತಿರ ಮಾತಾಡುತ್ತಾರೆ ಎಂದು ನಾನು ಕೇಳಲೇ ಇಲ್ಲ! ಮರುದಿನ ಬೆಳಗ್ಗೆ ಮ್ಯಾನೇಜರಿಗೆ ನನ್ನ ದೂರಿನ ಸಾಲು ಸಾಲೂ ಗೊತ್ತಿತ್ತು. ಆಯಾಗೆ ನರ್ಸರಿ ಕಟ್ಟಡದಲ್ಲಿ ಡ್ಯೂಟಿ ಬಿತ್ತು, ಆಮೇಲೆ ಅವರು ನನ್ನ ಮುಖ ನೋಡುವುದನ್ನೇ ಬಿಟ್ಟರು. ಕ್ಯಾಮರಾದ ರೆಕಾರ್ಡಿಂಗನ್ನು ಯಾರೂ ಅಳಿಸಬೇಕಾಗಿಯೂ ಇರಲಿಲ್ಲ. ರೆಕಾರ್ಡಿಂಗ್ ಉಳಿಯುವ ಡಿವಿಆರ್ ಪೆಟ್ಟಿಗೆ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ತಾನೇ ಕೂರುತ್ತದೆ. ಸುಮ್ನೆ ದಿನ ದೂಡಿದರೆ ಸಾಕಿತ್ತು, ದೂಡಿದರು. ಸಮಿತಿಯ ಹೊರಗಿನ ಸದಸ್ಯೆ ಊರಲ್ಲಿಲ್ಲ, ಪರೀಕ್ಷೆ ಇದೆ, ಓಣಂ ರಜೆ ಬಂತು. ಅಷ್ಟರಲ್ಲಿ ಮೂರು ತಿಂಗಳು ದಾಟಿತ್ತು.

ಆ ಮೂರು ತಿಂಗಳೇ ಮುಖ್ಯ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಘಟನೆಯಾಗಿ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಕಿರುಕುಳ ಮತ್ತೆ ಮತ್ತೆ ನಡೆದಿದ್ದರೆ ಕೊನೆಯದರಿಂದ ಲೆಕ್ಕ. ಆದರೆ ದೂರು ಮಾಲೀಕರ ಮೇಲೆಯೇ ಇದ್ದರೆ ಅದನ್ನು ತೆಗೆದುಕೊಳ್ಳಬೇಕಾದದ್ದು ಜಿಲ್ಲೆಯ ಸ್ಥಳೀಯ ಸಮಿತಿ, ಲೋಕಲ್ ಕಮಿಟಿ ಅಂತಾರಲ್ಲ, ಅದು. ಶಾಲೆಯಲ್ಲಿ ಹತ್ತಲ್ಲ, ನೂರು ಜನ ಇದ್ದರೂ ಹಾಗೆಯೇ. ಕಾಯ್ದೆಯಲ್ಲಿ ಮಾಲೀಕ ಎಂದರೆ ಆಸ್ತಿ ಯಾರ ಹೆಸರಲ್ಲಿದೆ ಎಂದಲ್ಲ, ಆಡಳಿತ ಯಾರ ಕೈಯಲ್ಲಿದೆ ಎಂದು. ಹಾಗಾಗಿ ಶಾಲೆ ಟ್ರಸ್ಟಿನದ್ದಾದರೂ ಅದನ್ನು ನಡೆಸುವ ಮ್ಯಾನೇಜರ್ ಅದರೊಳಗೇ ಬರುತ್ತಾರೆ. ಸೀನಿಯರ್ ಟೀಚರ್ ಒಬ್ಬರ ಮೇಲೆ ದೂರಿದ್ದರೆ ಮಾತು ಬೇರೆ, ಅದಕ್ಕೆ ಶಾಲೆಯ ಸಮಿತಿಯೇ.

ನನಗೆ ಇದನ್ನು ಹೇಳಿದ್ದು ಪರಿಚಯದ ಒಬ್ಬ ವಕೀಲೆ. ವಿದ್ಯಾನಗರದ ಕಲೆಕ್ಟರೇಟಿಗೆ ಹೋಗಿ ವಿಚಾರಿಸಿ ದೂರು ಕೊಟ್ಟೆ. ಕನ್ನಡದಲ್ಲೇ ಬರೆದೆ. ನಮ್ಮ ಕಡೆಯ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವುದು ಭಾಷಾ ಅಲ್ಪಸಂಖ್ಯಾತರಾದ ನಮ್ಮ ಹಕ್ಕು, ಮಲಯಾಳ ಬರುವುದಿಲ್ಲ ಎಂದು ಹಿಂಜರಿಯಬೇಡಿ. ತಡವಾದದ್ದು ಏಕೆ ಎಂಬುದಕ್ಕೇ ಒಂದು ಪುಟ ಬರೆದೆ. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ಕೊಟ್ಟರು.

ವಿಚಾರಣೆಯಲ್ಲಿ ಮೆಸೇಜುಗಳು ಸಾಬೀತಾದವು. ಕೈ ಹಿಡಿದದ್ದು ಸಾಬೀತಾಗಲಿಲ್ಲ. ಆಯಾ "ನಾನು ಏನೂ ನೋಡಿಲ್ಲ" ಎಂದರು, ರೆಕಾರ್ಡಿಂಗ್ ಹೋಗಿತ್ತು. ಸಾಕ್ಷಿಯನ್ನು ಕರೆಸಲು, ದಾಖಲೆ ತರಿಸಲು ಆ ಸಮಿತಿಗೆ ಸಿವಿಲ್ ಕೋರ್ಟಿನಷ್ಟೇ ಅಧಿಕಾರ ಇದೆ. ಆದರೆ ಇಲ್ಲದ್ದನ್ನು ತರಿಸುವುದು ಹೇಗೆ? ನಾನು ಮೊದಲ ವಾರವೇ ಅಲ್ಲಿಗೆ ಹೋಗಿದ್ದರೆ ಡಿವಿಆರ್ ತರಿಸಿ ಎಂದು ಕೇಳಬಹುದಿತ್ತು. ಮ್ಯಾನೇಜರಿಗೆ ದೂರಿನ ಪ್ರತಿ ಹೇಗೂ ಸಿಗುತ್ತದೆ, ಅದು ನಿಯಮ. ಆದರೆ ಆಗ ಅದರ ಹಿಂದೆ ಸಮಿತಿಯ ನೋಟೀಸು ಇರುತ್ತಿತ್ತು. ನಾನು ಬರಿಗೈಯಲ್ಲಿ ನಿಂತು ಅವರಿಗೆ ಪಟ್ಟಿ ಮಾಡಿ ಕೊಟ್ಟೆ, ಯಾರನ್ನು ಹೆದರಿಸಬೇಕು, ಯಾವುದನ್ನು ಮರೆಯಾಗಲು ಬಿಡಬೇಕು ಎಂದು.

ಮಧ್ಯದಲ್ಲಿ ಅವರ ಕಡೆಯವರು ಮನೆಗೆ ಬಂದು ಅಪ್ಪನ ಹತ್ತಿರ ದುಡ್ಡಿನ ಮಾತಾಡಿದರು. ನಿಮಗೂ ಬರಬಹುದು. ರಾಜಿ ಬೇಕೋ ಬೇಡವೋ ಎನ್ನುವುದು ದೂರುದಾರಳಿಗೆ ಬಿಟ್ಟದ್ದು. ಬೇಕೆಂದರೂ ದುಡ್ಡು ಕೊಟ್ಟು ರಾಜಿ ಮಾಡುವಂತಿಲ್ಲ ಎಂದು ಕಾಯ್ದೆಯಲ್ಲೇ ಇದೆ.

ಆದ್ದರಿಂದ ಹೆಡ್‌ಮಿಸ್ಟ್ರೆಸ್ ಒಳ್ಳೆಯವರೇ ಎಂಬ ಯೋಚನೆ ಬಿಡಿ. ನಮ್ಮ ಟೀಚರೂ ಕೆಟ್ಟವರಲ್ಲ, ಸಂಬಳ ಯಾರಿಂದ ಬರುತ್ತದೆ ನೋಡಿ. ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆಯಿರಿ, ಆದರೆ ಫೋನಿನಿಂದ ಮೂಲವನ್ನು ಅಳಿಸಬೇಡಿ. ಶಾಲೆಯಲ್ಲಿ ಯಾರಿಗೂ ಹೇಳದೆ ನೇರ ಕಲೆಕ್ಟರೇಟಿಗೆ ಹೋಗಿ. ದೂರ ಎನಿಸಿದರೆ ನಿಮ್ಮ ಬ್ಲಾಕ್ ಅಥವಾ ತಾಲೂಕಿನ ನೋಡಲ್ ಆಫೀಸರಿಗೆ ಕೊಟ್ಟರೂ ಆಗುತ್ತದೆ, ಅವರು ಏಳು ದಿನದೊಳಗೆ ಸಮಿತಿಗೆ ಕಳಿಸಬೇಕು. ದೂರಿನ ಆರು ಪ್ರತಿ ಕೊಡಬೇಕು, ಜೊತೆಗೆ ದಾಖಲೆಗಳು, ಸಾಕ್ಷಿಗಳ ಹೆಸರು, ವಿಳಾಸ. ಕ್ಯಾಮರಾ ಇದ್ದರೆ ರೆಕಾರ್ಡಿಂಗ್ ಕೂಡಲೇ ತರಿಸಿ ಎಂದು ಮೊದಲ ಪುಟದಲ್ಲೇ ಬರೆಯಿರಿ. ಏಳನೆಯ ಪ್ರತಿಯೊಂದನ್ನು ಒಯ್ದು, ಅದರ ಮೇಲೆ ತಾರೀಕು ಇರುವ ಸೀಲು ಹಾಕಿಸಿಕೊಂಡೇ ಬನ್ನಿ.