ಬೆಟ್ಟ ಓಡಿ ಇಳಿದ ನೋವಿಗೆ ಕ್ರಿಯಾಟಿನ್?

ದೇವರಾಯನದುರ್ಗದ ಬೆಟ್ಟ ಓಡಿಕೊಂಡೇ ಇಳಿದೆ, ಎರಡು ದಿನದಿಂದ ತೊಡೆ ಹಿಡ್ಕೊಂಡಿದೆ. ಜಿಮ್‌ನವರು ಬಲಕ್ಕೆ ಅಂತ ತಗೊಳ್ಳೋ ಕ್ರಿಯಾಟಿನ್ ಪುಡಿ ತಗೊಂಡ್ರೆ ನೋವು ಹೋಗುತ್ತಾ?

ಹೋಗಲ್ಲ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕುತ್ತದೆ, ಎಳೆಗಳಿಗೆ ಪೆಟ್ಟು ಬೀಳುವುದು ಅಲ್ಲೇ. ನೋವು ಎರಡು ಮೂರು ದಿನ ಜಾಸ್ತಿಯಿದ್ದು ತಾನಾಗೇ ಇಳಿಯುತ್ತದೆ.

ಕ್ರಿಯಾಟಿನ್ ಸ್ನಾಯುವಿನಲ್ಲಿ ತುಂಬಿಕೊಳ್ಳಲು ದಿನಕ್ಕೆ 3ರಿಂದ 5 ಗ್ರಾಂನಂತೆ ಸುಮಾರು 4 ವಾರ ಬೇಕು. ಹಾಗೆ ಮೊದಲೇ ತುಂಬಿಸಿಕೊಂಡವರಿಗೆ ಕೆಲವು ಅಧ್ಯಯನಗಳಲ್ಲಿ ಕಾಲಿನ ಬಲ ಸ್ವಲ್ಪ ಬೇಗ ಮರಳಿದೆ. ನೋವು ಮಾತ್ರ ಅಷ್ಟೇನೂ ಕಮ್ಮಿಯಾಗಿಲ್ಲ.

ಆದರೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ತೊಡೆ ಊದಿದರೆ, ಅದು ಬರೀ ಮೈಕೈ ನೋವಲ್ಲ. ತಕ್ಷಣ ಆಸ್ಪತ್ರೆಗೆ ಹೋಗಿ. ಕ್ರಿಯಾಟಿನ್ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ಅದರಿಂದಲೂ ರಕ್ತಪರೀಕ್ಷೆಯಲ್ಲಿ ಕಿಡ್ನಿ ಹೇಗಿದೆ ಎಂದು ತಿಳಿಯಲು ನೋಡುವ ಕ್ರಿಯಾಟಿನಿನ್ ಅಂಶ ಸ್ವಲ್ಪ ಜಾಸ್ತಿ ಕಾಣಬಹುದು.